ಐದರ ಪುಟ್ಟ, ಹದಿನಾಲ್ಕರ ಅಕ್ಕ: ಒಂದೇ ಚೌಕಾಬಾರಕ್ಕೆ ಕೂರಿಸುವುದು ಹೇಗೆ?

ಪ್ರಶ್ನೆ: ದಸರಾ ರಜೆಗೆ ಸಾಗರದ ನಮ್ಮ ಮನೆಗೆ ನಾಲ್ಕು ಮೊಮ್ಮಕ್ಕಳು ಬರ್ತಾರೆ. ಹದಿನಾಲ್ಕರ ಹುಡುಗಿ, ಹನ್ನೊಂದರ ಹುಡುಗ, ಎಂಟರ ಹುಡುಗಿ, ಐದರ ಪುಟ್ಟ. ಯಾವ ಆಟಕ್ಕೆ ಕೂರಿಸಿದ್ರೂ ಅರ್ಧ ಗಂಟೆಯಲ್ಲಿ ಚಿಕ್ಕವನು ಅಳ್ತಾನೆ, ದೊಡ್ಡವಳು ಬೇಜಾರಾಗಿ ಎದ್ದು ಹೋಗ್ತಾಳೆ. ಕವಡೆ ಇಲ್ಲ, ಅಟ್ಟದ ಮೇಲೆ ಹಳೇ ಅಳಗುಳಿಮಣೆ ಇದೆ. ನಾಲ್ಕೂ ಜನ ಒಟ್ಟಿಗೆ ಆಡೋ ಹಾಗೆ ಏನು ಆಡಿಸಬಹುದು?

ಉತ್ತರ: ಚೌಕಾಬಾರದಿಂದ ಶುರು ಮಾಡಿ. ನಾಲ್ಕು ಜನಕ್ಕೆ ನಾಲ್ಕು ಬದಿ ಇರುವ ಆಟ ಅದು. ಗರ ಬೀಳುವುದರಲ್ಲಿ ಐದರವನೂ ಹದಿನಾಲ್ಕರವಳೂ ಒಂದೇ. ಬಿದ್ದ ಗರವನ್ನು ಯಾವ ಕಾಯಿಗೆ ಕೊಡಬೇಕು ಅನ್ನುವಲ್ಲಿ ಮಾತ್ರ ದೊಡ್ಡವರ ತಲೆ ಓಡುತ್ತದೆ. ಹಾಗಾಗಿ ಚಿಕ್ಕವನು ಗೆಲ್ಲುವುದಕ್ಕೂ ಜಾಗವಿದೆ, ದೊಡ್ಡವಳು ಯೋಚಿಸುವುದಕ್ಕೂ ಜಾಗವಿದೆ. ಅಳಗುಳಿಮಣೆ ಇಬ್ಬರ ಆಟ. ಅದು ಎರಡನೆಯದು. ಮಳೆ ಬಿಟ್ಟ ಸಂಜೆಗೆ ಲಗೋರಿ.

ಕವಡೆ ಇಲ್ಲ ಎಂದು ಚಿಂತೆ ಬೇಡ. ಒಣಗಿದ, ದಪ್ಪನಾದ, ಹೆಚ್ಚು ಕಡಿಮೆ ಒಂದೇ ಗಾತ್ರದ ಆರು ಹುಣಸೆ ಬೀಜ ಆರಿಸಿಕೊಳ್ಳಿ. ಬೇಕಾಗುವುದು ನಾಲ್ಕೇ, ಎರಡು ಕೈಕಾವಲಿಗೆ. ಪ್ರತಿ ಬೀಜದ ಒಂದು ಮುಖವನ್ನು ಒರಟು ಕಲ್ಲಿನ ಮೇಲೆ ಕಂದು ಸಿಪ್ಪೆ ಹೋಗಿ ಬಿಳಿ ತಿರುಳು ಕಾಣುವವರೆಗೆ ಉಜ್ಜಿ. ನೀರು ಹಾಕಿಕೊಂಡು ಉಜ್ಜಬೇಡಿ, ಬೀಜ ಉಬ್ಬಿಕೊಂಡು ಸಿಪ್ಪೆ ಬಿಡುತ್ತದೆ. ಬಿಳಿ ಕಂಡ ಕೂಡಲೇ ನಿಲ್ಲಿಸಿ. ಅರ್ಧ ಬೀಜ ಸವೆಯುವ ತನಕ ಉಜ್ಜಿದರೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಡ್ಡೆಯಾಗಿ ಒಂದೇ ಮಗ್ಗುಲಿಗೆ ಬೀಳುವ ಅಭ್ಯಾಸ ಹಿಡಿಯಬಹುದು.

ಇದನ್ನು ಪರೀಕ್ಷೆ ಮಾಡಿಯೇ ಆಟಕ್ಕೆ ಇಳಿಸಿ. ನಾಲ್ಕೂ ಬೀಜವನ್ನು ಒಟ್ಟಿಗೆ ನಲವತ್ತು ಸಲ ಹಾಕಿ, ಬಿಳಿ ಮೇಲಾಗಿ ಬಿದ್ದದ್ದನ್ನು ಎಣಿಸಿ. ಒಟ್ಟು 160 ಬೀಳುಗಳಲ್ಲಿ 80ರ ಆಸುಪಾಸು ಬಿಳಿ ಬಂದರೆ ಬೀಜ ಸರಿಯಿದೆ. 110 ದಾಟಿದರೆ ಅಥವಾ 50ಕ್ಕೆ ಇಳಿದರೆ ಯಾವುದೋ ಒಂದೆರಡು ಬೀಜ ಮಗ್ಗುಲು ಹಿಡಿದಿದೆ, ಅವನ್ನು ಬದಲಾಯಿಸಿ. ಈ ಎಣಿಕೆಯನ್ನು ಎಂಟರವಳಿಗೆ ವಹಿಸಿ. ಐದೈದಕ್ಕೆ ಒಂದು ಅಡ್ಡಗೆರೆ ಹಾಕಿಕೊಂಡು ಲೆಕ್ಕ ಇಡುವುದು ಆ ವಯಸ್ಸಿಗೆ ಹೇಳಿ ಮಾಡಿಸಿದ ಕೆಲಸ.

ಬೀಜ ಹಾಕುವುದು ಕೈಯಿಂದ ಬೇಡ, ತೆಂಗಿನ ಕರಟದಲ್ಲಿ ಕುಲುಕಿ ಚಾಪೆಯ ಮೇಲೆ ಸುರಿಯಲಿ. ಇದಕ್ಕೆ ಎರಡು ಕಾರಣ. ಐದರವನ ಮುಷ್ಟಿಯಲ್ಲಿ ನಾಲ್ಕು ಬೀಜ ಸರಿಯಾಗಿ ಕುಲುಕುವುದಿಲ್ಲ, ಜಾರಿ ಒಂದೊಂದಾಗಿ ಬೀಳುತ್ತವೆ. ದೊಡ್ಡವರ ಕೈಗೆ ಬೀಜ ಜೋಡಿಸಿಕೊಂಡು ಮೆಲ್ಲಗೆ ಇಳಿಸುವ ಚಳಕ ಬೇಗ ಬಂದುಬಿಡುತ್ತದೆ. ಕರಟ ಇಬ್ಬರನ್ನೂ ಸಮ ಮಾಡುತ್ತದೆ. ಸಿಮೆಂಟು ನೆಲಕ್ಕೆ ನೇರ ಹಾಕಿದರೆ ಬೀಜ ಪುಟಿದು ಮಂಚದಡಿ ಸೇರುತ್ತದೆ, ಅದಕ್ಕೆ ಚಾಪೆ.

ಎಣಿಕೆ ಹೀಗೆ: ಒಂದು ಬಿಳಿ ಮೇಲಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಹಾಕಬಹುದು. ಬೀಜ ಸಮವಾಗಿ ಬೀಳುವುದಾದರೆ ನಾಲ್ಕು ಬೀಜ ಬೀಳಲು ಹದಿನಾರು ಬಗೆ. ಅದರಲ್ಲಿ ಎರಡು ಬರುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ಎಲ್ಲಕ್ಕಿಂತ ಹೆಚ್ಚು ಬೀಳುವ ಗರ ಎರಡು. ಇದನ್ನು ನೆನಪಿಡಿ, ಮುಂದೆ ಇದೇ ಆಟವನ್ನು ನಡೆಸುತ್ತದೆ.

ಮನೆ ಬರೆಯುವುದು ಸುಲಭ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆ. ಒಂದೊಂದು ಮನೆ ಅಂಗೈ ಅಗಲ ಇರಲಿ. ಚಿಕ್ಕದಾದರೆ ಐದರವನ ಕೈ ತಾಗಿ ಪಕ್ಕದ ಕಾಯಿ ಜರುಗಿ, ಅಲ್ಲಿಗೇ ಜಗಳ. ಪ್ರತಿ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ. ಬದಿಯ ನಾಲ್ಕೂ ಕಟ್ಟೆಗಳು, ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಮಧ್ಯದ್ದು ಕಾಯಿ ಹಣ್ಣಾಗುವ ಮನೆ. ಕಾಯಿಗಳಿಗೆ ನಾಲ್ಕು ಬಣ್ಣ ಬೇಕು: ಉಜ್ಜದ ಹುಣಸೆ ಬೀಜ, ಕಾಫಿ ಬೀಜ, ಅವರೆಕಾಳು, ಬಳಪದ ಚೂರು ಸಾಕು. ಕಾಳುಮೆಣಸು ಬೇಡ, ಉರುಳುತ್ತದೆ. ಬಳೆ ಚೂರು ಚೆಂದವೇ, ಆದರೆ ಸಣ್ಣವನು ಕೂರುವ ಆಟಕ್ಕೆ ಬೇಡ.

ಪ್ರತಿಯೊಬ್ಬರೂ ತಮ್ಮ ಮುಂದಿನ ಕಟ್ಟೆಯಿಂದ ಹೊರಟು ಬಲಗೈ ಕಡೆಗೆ ಹೊರಸುತ್ತು ನಡೆಯುತ್ತಾರೆ. ಹದಿನೈದನೇ ಹೆಜ್ಜೆಗೆ ತಮ್ಮ ಕಟ್ಟೆಯ ಎಡಪಕ್ಕದ ಮನೆಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಹದಿನಾರನೇ ಹೆಜ್ಜೆ ಒಳಕ್ಕೆ. ಒಳಸುತ್ತು ಉಲ್ಟಾ ದಿಕ್ಕು, ಎಂಟು ಮನೆ. ಇಪ್ಪತ್ತನಾಲ್ಕನೇ ಹೆಜ್ಜೆಗೆ ಮಧ್ಯ ಸೇರಿ ಹಣ್ಣು. ದಿಕ್ಕು ತಿರುಗುವ ಈ ಜಾಗದಲ್ಲೇ ಚಿಕ್ಕವರು ತಪ್ಪುವುದು. ಪ್ರತಿಯೊಬ್ಬರ ಎಡಪಕ್ಕದ ಮನೆಯಿಂದ ಒಳಕ್ಕೆ ಒಂದು ಬಾಣ ಬರೆದುಬಿಡಿ, ಯಾರೂ ಕೈಹಿಡಿದು ತಿದ್ದಬೇಕಾಗುವುದಿಲ್ಲ.

ಈಗ ವಯಸ್ಸಿನ ಅಂತರಕ್ಕೆ ಬರೋಣ. ಹದಿನಾರು ಬಗೆಯನ್ನೂ ಕೂಡಿ ನೋಡಿದರೆ ಒಂದು ಗರಕ್ಕೆ ಸರಾಸರಿ ಎರಡೂವರೆ ಹೆಜ್ಜೆ. ಒಬ್ಬರಿಗೆ ನಾಲ್ಕು ಕಾಯಿ ಎಂದರೆ 96 ಹೆಜ್ಜೆ, ಯಾರೂ ಕಡಿಯದಿದ್ದರೂ 38-39 ಗರ ಬೇಕು. ನಾಲ್ಕು ಜನ ಕೂತರೆ ನೂರೈವತ್ತು ಗರದ ಆಟ. ಐದು ವರ್ಷದ ಮಗು ಅಷ್ಟು ಹೊತ್ತು ಕೂರುವುದಿಲ್ಲ. ಸೋತದ್ದಕ್ಕಿಂತ ಕೂತು ಸಾಕಾದದ್ದಕ್ಕೇ ಹೆಚ್ಚು ಸಲ ಅಳು ಬರುತ್ತದೆ. ಆದ್ದರಿಂದ ಕಾಯಿಗಳನ್ನೇ ಕಡಿಮೆ ಮಾಡಿ: ಐದರವನಿಗೆ ಎರಡು ಕಾಯಿ, ಎಂಟರವಳಿಗೆ ಮೂರು, ದೊಡ್ಡ ಇಬ್ಬರಿಗೆ ನಾಲ್ಕು ನಾಲ್ಕು. ಎರಡು ಕಾಯಿಗೆ 48 ಹೆಜ್ಜೆ, ಹತ್ತೊಂಬತ್ತು ಇಪ್ಪತ್ತು ಗರದಲ್ಲಿ ಮುಗಿಯಬಹುದು. ಇದರ ಮೇಲೆ ಒಂದು ನಿಯಮ ಸೇರಿಸಿ. ಒಬ್ಬರನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಬಹಳ ಮನೆಗಳಲ್ಲಿ ಇರುವ ಕಟ್ಟು. ಅದನ್ನು ಹನ್ನೊಂದು ಮತ್ತು ಹದಿನಾಲ್ಕರವರಿಗೆ ಮಾತ್ರ ಇಡಿ. ಚಿಕ್ಕ ಇಬ್ಬರು ಕಡಿಯದೆಯೂ ಒಳಗೆ ಹೋಗಬಹುದು.

ಇಷ್ಟು ಬಿಟ್ಟುಕೊಟ್ಟ ಮೇಲೆ ಆಟದ ನಡುವೆ ಯಾವ ರಿಯಾಯಿತಿಯೂ ಬೇಡ. ‘ಪಾಪ, ಪುಟ್ಟ, ಇನ್ನೊಂದು ಸಲ ಹಾಕ್ಲಿ ಬಿಡೇ’ ಎಂದು ದೊಡ್ಡವರು ಹೇಳಿದ ಕೂಡಲೇ ಎಂಟರವಳಿಗೆ ಅನ್ಯಾಯ ಅನ್ನಿಸುತ್ತದೆ, ಐದರವನಿಗೆ ಅತ್ತರೆ ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ಕೊಡುವುದನ್ನು ಮೊದಲೇ, ಎಲ್ಲರೆದುರು ಕೊಟ್ಟು ಮುಗಿಸಬೇಕು. ಅಕ್ಕ ಬೇಕೆಂದೇ ಸೋಲುವುದೂ ಬೇಡ. ಮಕ್ಕಳಿಗೆ ಅದು ತಿಳಿಯುತ್ತದೆ, ಗೆದ್ದರೂ ರುಚಿಸುವುದಿಲ್ಲ.

ದೊಡ್ಡವಳಿಗೆ ಬೇಜಾರಾಗದಿರಲು ಅವಳಿಗೆ ಮನೆಯ ಲೆಕ್ಕ ತೋರಿಸಿಕೊಡಿ. ಹೊರಸುತ್ತು ಹದಿನಾರು ಮನೆ, ಕಟ್ಟೆ ನಾಲ್ಕು. ಅಂದರೆ ಕಟ್ಟೆಯಿಂದ ಕಟ್ಟೆಗೆ ನಾಲ್ಕೇ ಹೆಜ್ಜೆ. ಕಟ್ಟೆಯಲ್ಲಿ ನಿಂತ ಕಾಯಿಗೆ ಚೌಕ ಕೊಟ್ಟರೆ ಪಕ್ಕದ ಕಟ್ಟೆಗೆ, ಬಾರ ಕೊಟ್ಟರೆ ಎದುರಿನ ಕಟ್ಟೆಗೆ ಸೀದಾ ಹೋಗಿ ಕೂರುತ್ತದೆ. ನಡುವೆ ಎಲ್ಲೂ ಮೈ ಒಡ್ಡಬೇಕಿಲ್ಲ. ಆ ಎರಡು ಗರಕ್ಕೆ ಅಷ್ಟು ಬೆಲೆ ಬಂದದ್ದರಲ್ಲಿ ಇದೂ ಇದೆ.

ಇನ್ನೊಂದು ಸಂಗತಿ ಹೆಚ್ಚಿನವರು ಗಮನಿಸುವುದಿಲ್ಲ. ಎರಡು ಕಟ್ಟೆಗಳ ನಡುವೆ ಮೂರು ಮನೆ: ಕಟ್ಟೆ ದಾಟಿದ ಮೊದಲನೆಯದು, ಮೂಲೆಮನೆ, ಮುಂದಿನ ಕಟ್ಟೆಗೆ ಮುಂಚಿನದು. ಹಿಂದಿನ ಕಟ್ಟೆಯಲ್ಲಿ ಎದುರಾಳಿ ಕೂತಿದ್ದರೆ ಮೊದಲ ಮನೆಯಲ್ಲಿರುವ ಕಾಯನ್ನು ಕಡಿಯಲು ಒಂದು ಬೇಕು, ಮೂರನೆಯದಕ್ಕೆ ಮೂರು ಬೇಕು. ಎರಡಕ್ಕೂ ಹದಿನಾರರಲ್ಲಿ ನಾಲ್ಕು ಬಗೆ. ಮೂಲೆಗೆ ಬೇಕಾಗುವುದು ಎರಡು, ಹದಿನಾರರಲ್ಲಿ ಆರು. ಮೂರು ಮನೆಗಳಲ್ಲಿ ಮೂಲೆಯೇ ಅಪಾಯದ್ದು. ಮೂಲೆಗೆ ಹೋಗಿ ಅವಿತುಕೊಂಡರೆ ಕ್ಷೇಮ ಎಂದು ಮಕ್ಕಳಿಗೆ ಅನ್ನಿಸುತ್ತದೆ, ಇಲ್ಲಿ ಅದು ತಿರುವುಮುರುವು.

ಒಂದು ಪಟ್ಟು ಬಿಡಿಸಿ ನೋಡೋಣ. ಪುಟ್ಟ ನಿಮ್ಮ ಕಡೆ ಬದಿಯಲ್ಲಿ ಕೂತಿದ್ದಾನೆ, ಅವನ ಬಲಕ್ಕೆ ಎಂಟರವಳು, ಎದುರು ಅಣ್ಣ, ಎಡಕ್ಕೆ ಅಕ್ಕ. ಪುಟ್ಟನ ಒಂದು ಕಾಯಿ ಆರು ಹೆಜ್ಜೆ ನಡೆದು ಬಲಗಡೆ ದೂರದ ಮೂಲೆಯಲ್ಲಿದೆ, ಇನ್ನೊಂದು ಇನ್ನೂ ತನ್ನ ಕಟ್ಟೆಯಲ್ಲೇ ಇದೆ. ಎಂಟರವಳ ಕಾಯಿ ಅವಳ ಕಟ್ಟೆಯಲ್ಲಿ ಕೂತು ಆ ಮೂಲೆಯನ್ನೇ ನೋಡುತ್ತಿದೆ. ಅಕ್ಕನ ಒಂದು ಕಾಯಿಯೂ ಆರು ಹೆಜ್ಜೆ ಬಂದು ಪುಟ್ಟನ ಬಲಗೈ ಹತ್ತಿರದ ಮೂಲೆಯಲ್ಲಿ ನಿಂತಿದೆ. ಪುಟ್ಟನಿಗೆ ಎರಡು ಬಿತ್ತು.

ಮೂಲೆಯ ಕಾಯಿಗೆ ಕೊಟ್ಟರೆ ಅದು ಅಣ್ಣನ ಕಟ್ಟೆ ಸೇರಿ ಉಳಿಯುತ್ತದೆ. ಕಟ್ಟೆಯ ಕಾಯಿಗೆ ಕೊಟ್ಟರೆ ಅಕ್ಕನ ಕಾಯಿ ಕಡಿದುಹೋಗಿ ಅವಳ ಆರು ಹೆಜ್ಜೆ ಮಣ್ಣುಪಾಲು, ಪುಟ್ಟನಿಗೆ ಕಡಿದ ಲೆಕ್ಕಕ್ಕೆ ಮತ್ತೊಂದು ಗರ. ಪುಟ್ಟ ಸಾಮಾನ್ಯವಾಗಿ ಮುಂದಿರುವ ಕಾಯನ್ನೇ ಓಡಿಸುತ್ತಾನೆ, ಆದರೆ ಕಡಿಯುವುದೇ ಲಾಭ. ಸಿಕ್ಕ ಗರದಲ್ಲಿ ಇನ್ನೊಂದು ಎರಡು ಬಿದ್ದರೆ ಮೂಲೆಯ ಕಾಯಿಯೂ ಉಳಿದುಕೊಂಡಿತು. ಬೀಳದಿದ್ದರೂ ಎಂಟರವಳಿಗೆ ಎರಡೇ ಬೀಳಬೇಕು, ಹದಿನಾರರಲ್ಲಿ ಹತ್ತು ಬಗೆ ಪುಟ್ಟನ ಕಡೆಗಿವೆ. ಈ ಮಾತನ್ನು ಅವನಿಗೆ ಹೇಳಿಕೊಡಬೇಡಿ. ‘ಯಾವ್ಯಾವ ಕಾಯಿ ನಡೆಸಬಹುದು, ಎಲ್ಲ ಬೆರಳಿಟ್ಟು ತೋರ್ಸು’ ಎಂದಷ್ಟೇ ಕೇಳಿ. ಎಲ್ಲಾ ದಾರಿಯ ಮೇಲೂ ಬೆರಳು ಹೋದರೆ ಅಕ್ಕನ ಕಾಯಿ ಅವನ ಕಣ್ಣಿಗೆ ತಾನೇ ಬೀಳುತ್ತದೆ.

ಜಗಳ ಹುಟ್ಟುವುದು ಒಂದೊಂದು ಮನೆಯ ಕಟ್ಟು ಒಂದೊಂದು ಥರ ಇರುವುದರಿಂದ. ಬೆಂಗಳೂರಿನಲ್ಲಿ ಒಬ್ಬರು, ತೀರ್ಥಹಳ್ಳಿಯಲ್ಲಿ ಒಬ್ಬರು ಕಲಿತು ಬಂದಿರುತ್ತಾರೆ. ನಾಲ್ಕು ವಿಷಯ ಮೊದಲೇ ತೀರ್ಮಾನಿಸಿ ಮನೆಯ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಬರೆದಿಡಿ. ಬೀಜ ಚಾಪೆಯಾಚೆ ಹೋದರೆ ನಾಲ್ಕನ್ನೂ ಮತ್ತೆ ಹಾಕಬೇಕು. ಕಡಿದವರಿಗೆ ಇನ್ನೊಂದು ಗರ. ಹಣ್ಣಾಗಲು ಸರಿಯಾದ ಗರವೇ ಬೀಳಬೇಕು, ಹೆಚ್ಚಿಗೆ ಬಿದ್ದರೆ ಬೇರೆ ಕಾಯಿ ನಡೆಸಬೇಕು, ಬೇರೆ ಇಲ್ಲದಿದ್ದರೆ ಗರ ಹಾಳು. ಕಟ್ಟೆಯಾಚೆ ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿ ನಿಂತರೆ ಜೋಡಿ ಎಂದು ಉಳಿಸುವುದೋ ಬಿಡುವುದೋ. ಐದರವನು ಇದ್ದಾಗ ಜೋಡಿಯ ಕಟ್ಟು ಬಿಡಿ ಎಂಬುದು ನನ್ನ ಸಲಹೆ, ಅವನಿಗೆ ಇರುವುದೇ ಎರಡು ಕಾಯಿ.

ಇನ್ನು ಅಳಗುಳಿಮಣೆ. ಅಟ್ಟದಿಂದ ಇಳಿಸಿ ಒಣಬಟ್ಟೆಯಲ್ಲಿ ಒರೆಸಿ, ಮಳೆಗಾಲದ ಬೂಸಲು ಗುಳಿಯೊಳಗೆ ಕೂತಿರುತ್ತದೆ. ಒಡೆದಿದ್ದರೆ ಹದಿನಾಲ್ಕು ಹಾಳೆ ದೊನ್ನೆಗಳನ್ನು ಏಳೇಳರ ಎರಡು ಸಾಲು ಇಟ್ಟರೂ ಆಟ ನಡೆಯುತ್ತದೆ. ಗುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಹಳೇ ಮಣೆಯ ಜೊತೆ ಗುಲಗಂಜಿಯ ಗಂಟು ಸಿಕ್ಕಿದರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಗುಲಗಂಜಿ ವಿಷ. ಸಿಪ್ಪೆ ಒಡೆದದ್ದನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಹುಣಸೆ ಬೀಜವನ್ನೂ ಎಣಿಸಿ ಹರವಿ, ಎಣಿಸಿ ತುಂಬಿಡಿ, ಗಂಟಲಲ್ಲಿ ಸಿಕ್ಕೀತು.

ಒಂದು ಸರಳ ಕಟ್ಟು ಹೀಗಿದೆ. ತನ್ನ ಸಾಲಿನ ಯಾವುದಾದರೂ ಗುಳಿಯ ಬೀಜವನ್ನೆಲ್ಲ ಎತ್ತಿ, ಮುಂದಿನ ಗುಳಿಯಿಂದ ಒಂದೊಂದಾಗಿ ಬಲಗೈ ಕಡೆಗೆ ಹಾಕುತ್ತಾ ಸುತ್ತಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯ ಬೀಜ ಎತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿ ಇರುವಷ್ಟೂ ಬೀಜ ಅವರದು, ಸರದಿ ಮುಗಿಯಿತು. ಎರಡು ಗುಳಿ ಒಟ್ಟಿಗೆ ಖಾಲಿಯಿದ್ದರೆ ಏನೂ ಸಿಗದೆ ಸರದಿ ಹೋಯಿತು.

ಇಲ್ಲೊಂದು ಚೆಂದದ ಲೆಕ್ಕವಿದೆ. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವುದರಿಂದ ಮೊದಲ ಸರದಿಯಲ್ಲಿ ಯಾವ ಗುಳಿಯಿಂದ ಎತ್ತಿದರೂ ಫಲ ಒಂದೇ: ಆರು ಬೀಜ. ಎಡತುದಿಯ ಗುಳಿಯಿಂದ ಎತ್ತಿ ನೋಡಿ. ಸರದಿ ಮುಗಿದಾಗ ಈ ಕಡೆಯ ಸಾಲಿನಲ್ಲಿ ಎಡದಿಂದ 2, 1, 7, 7, 7, 0, 7 ಇರಬೇಕು. ಆ ಕಡೆಯ ಸಾಲಿನಲ್ಲಿ, ನಡೆಯುವ ದಿಕ್ಕಿನಲ್ಲೇ ಎಣಿಸಿದರೆ, 0, 0, 6, 1, 6, 6, 0. ಕೈಯಲ್ಲಿ ಆರು. ಹೀಗೆ ಬರದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ತಪ್ಪುವುದು ಮುಖ್ಯವಾಗಿ ಎರಡು ಕಡೆ: ಒಂದೇ ಗುಳಿಗೆ ಎರಡು ಬೀಜ ಜಾರುವುದು, ಸಾಲು ತಿರುಗುವಾಗ ತುದಿಯ ಗುಳಿ ಬಿಟ್ಟುಹೋಗುವುದು. ಹೊಸದಾಗಿ ಕಲಿಯುವವರಿಗೆ ಈ ಒಂದು ಸುತ್ತೇ ಒಳ್ಳೆಯ ಪಾಠ.

ಮೊದಲ ಸರದಿ ಆರು ಬೀಜದ ಉಡುಗೊರೆಯಾದ್ದರಿಂದ ಅದು ಯಾವಾಗಲೂ ಚಿಕ್ಕವರಿಗಿರಲಿ. ಎಂಟರವಳು ಹದಿನಾಲ್ಕರವಳ ಎದುರು ಕೂತಾಗ ಇನ್ನೊಂದು ಕಟ್ಟು ಸೇರಿಸಿ: ಚಿಕ್ಕವಳು ಗುಳಿಯೊಳಗೆ ಬೆರಳಾಡಿಸಿ ಎಣಿಸಬಹುದು, ದೊಡ್ಡವಳು ಕಣ್ಣಲ್ಲೇ ಎಣಿಸಬೇಕು. ದೊಡ್ಡವರ ಗೆಲುವು ಇರುವುದು ಎಲ್ಲಿ ಕೈ ಖಾಲಿಯಾಗುತ್ತದೆ ಎಂದು ಮುಂಚೆಯೇ ಎಣಿಸಿ ಹಿಡಿಯುವುದರಲ್ಲಿ. ಬೆರಳು ಕಟ್ಟಿಹಾಕಿದರೆ ಅವಳಿಗೂ ಕಷ್ಟವಾಗುತ್ತದೆ, ಆಟಕ್ಕೆ ಮನಸ್ಸೂ ಕೂರುತ್ತದೆ. ಪುಟ್ಟನನ್ನು ಒಬ್ಬರ ಪಕ್ಕ ಕೂರಿಸಿ ಬೀಜ ಹಾಕುವ ಕೆಲಸ ಕೊಡಿ. ಒಂದೊಂದೇ ಬೀಜ ಬಿಡುವುದು ಅವನ ಬೆರಳಿಗೆ ಒಗ್ಗಲು ಒಂದೆರಡು ದಿನ ಬೇಕು.

ಲಗೋರಿಗೆ ಏಳು ಚಪ್ಪಟೆ ಕಲ್ಲು ಬೇಕು. ಜಂಬಿಟ್ಟಿಗೆಯ ಚೂರು ಎರಡು ಏಟಿಗೆ ಪುಡಿಯಾಗುತ್ತದೆ, ಹೆಂಚಿನ ಚೂರೇ ಸರಿ. ಅದರ ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ. ಕೆಳಗಿನದು ಅಂಗೈಯಷ್ಟು, ಮೇಲೆ ಹೋಗುತ್ತಾ ಚಿಕ್ಕದು. ಚೆಂಡು ಬಟ್ಟೆಯದ್ದಾಗಲಿ, ಒದ್ದೆ ಅಂಗಳದಲ್ಲಿ ಭಾರವಾದರೆ ಬದಲಾಯಿಸಿ. ಅಂಗಳದಲ್ಲಿ ಪಾಚಿ ಕಟ್ಟಿದ ಜಾಗವನ್ನು ಮೊದಲೇ ಕೆರೆದು ಮರಳು ಹಾಕಿ, ಇಲ್ಲದಿದ್ದರೆ ಓಡುವವರು ಜಾರಿ ಬೀಳುವುದು ಖಂಡಿತ.

ಗುಂಪು ಮಾಡುವಾಗ ಅಕ್ಕ ಮತ್ತು ಪುಟ್ಟ ಒಂದು ಕಡೆ, ನಡುವಿನ ಇಬ್ಬರು ಇನ್ನೊಂದು ಕಡೆ. ಕಲ್ಲಿನ ಗೋಪುರಕ್ಕೆ ಹೊಡೆಯುವಾಗ ಪುಟ್ಟ ಐದು ಹೆಜ್ಜೆಯಿಂದ, ಅಕ್ಕ ಹನ್ನೆರಡು ಹೆಜ್ಜೆಯಿಂದ, ನಡುವಿನವರು ಎಂಟು ಹೆಜ್ಜೆಯಿಂದ ಎಸೆಯಲಿ. ಚೆಂಡಿನಿಂದ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಮತ್ತೆ ಜೋಡಿಸುವಾಗ ಏಳನೇ ಕಲ್ಲನ್ನು ಆ ಗುಂಪಿನ ಚಿಕ್ಕವರೇ ಇಡಬೇಕು ಎಂದು ಕಟ್ಟು ಮಾಡಿ. ಆಗ ಪುಟ್ಟ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಆಗುವುದಿಲ್ಲ. ಕೊನೆಯ ಹೆಂಚು ಅವನ ಕೈಯಲ್ಲಿರುತ್ತದೆ, ಅವನು ಅದನ್ನು ಇಡುವವರೆಗೆ ಚೆಂಡನ್ನು ತನ್ನ ಹಿಂದೆ ಓಡಿಸಿಕೊಂಡು ಹೋಗುವುದು ಅಕ್ಕನ ಕೆಲಸ.